ಹಾಳೆ ತಟ್ಟೆ ಘಟಕಕ್ಕೆ ಸಾಲ: ಬ್ಯಾಂಕಿನವರು ಕೇಳುವ ಪ್ರಶ್ನೆಗೆ ಉತ್ತರವಿರುವ ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದು ಹೇಗೆ

ಕೊಪ್ಪದ ಕಡೆಯ ಒಬ್ಬ ಅಕ್ಕ ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಘಟಕ ಹಾಕಬೇಕು ಅಂತ ಹೊರಟಿದ್ದರು. ಯಾರೋ ಟೈಪ್ ಮಾಡಿಕೊಟ್ಟ ಇಪ್ಪತ್ತೆರಡು ಪುಟದ ರಿಪೋರ್ಟ್ ಕೈಯಲ್ಲಿತ್ತು. ಬಣ್ಣದ ಚಾರ್ಟ್, ಐದು ವರ್ಷದ ಲಾಭ, ಎಲ್ಲ ಇತ್ತು. ಮ್ಯಾನೇಜರ್ ಎರಡು ಪುಟ ತಿರುಗಿಸಿ ಕೇಳಿದ್ದು ಒಂದೇ ಮಾತು: "ಹಾಳೆ ಎಲ್ಲಿಂದ ತರ್ತೀರಮ್ಮ? ಮಳೆಗಾಲದಲ್ಲಿ ಏನು ಮಾಡ್ತೀರಿ?" ಆ ಇಪ್ಪತ್ತೆರಡು ಪುಟದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಫೈಲ್ ವಾಪಸ್ ಬಂತು.

ಆಮೇಲೆ ನಾವಿಬ್ಬರೂ ಕೂತು ರಿಪೋರ್ಟನ್ನು ಹೊಸದಾಗಿ ಬರೆದೆವು. ಏಳೆಂಟು ಪುಟ ಆಯ್ತು ಅಷ್ಟೆ. ಬರೆದ ಕ್ರಮವನ್ನೇ ಇಲ್ಲಿ ಹೇಳುತ್ತೇನೆ. ದರಗಳು ಅವರಿಗೆ ಸಿಕ್ಕ ಕೊಟೇಶನ್ ಮತ್ತು ಅವರ ಊರಿನ ಲೆಕ್ಕ. ನಿಮ್ಮದು ಬೇರೆ ಇರುತ್ತದೆ, ನಿಮ್ಮ ಅಂಕಿ ಹಾಕಿಕೊಳ್ಳಿ.

ಮೊದಲು ತೋಟದ ಲೆಕ್ಕ, ಆಮೇಲೆ ಸಾಲದ ಲೆಕ್ಕ

ಹೆಚ್ಚಿನವರು ಶುರು ಮಾಡುವುದೇ ಉಲ್ಟಾ. "ಹತ್ತು ಲಕ್ಷ ಸಾಲ ಬೇಕು, ಅದಕ್ಕೆ ಸರಿಹೋಗುವ ಹಾಗೆ ಲಾಭ ತೋರಿಸಿ" ಅನ್ನುತ್ತಾರೆ. ಹಾಗೆ ಮಾಡಿದ ರಿಪೋರ್ಟ್ ಮೊದಲ ಪ್ರಶ್ನೆಗೇ ಬೀಳುತ್ತದೆ. ನಾವು ಹಾಳೆಯಿಂದ ಶುರು ಮಾಡಿದೆವು.

ಒಂದು ಹಾಳೆಯಿಂದ ಒಂದು ದೊಡ್ಡ ತಟ್ಟೆ ಬರುತ್ತದೆ. ಅಗಲ ಇದ್ದರೆ ಉಳಿದ ತುಂಡಿನಲ್ಲಿ ಒಂದು ಸಣ್ಣ ತಟ್ಟೆಯೋ ಬಟ್ಟಲೋ ಸಿಗುತ್ತದೆ, ಆದರೆ ಎಲ್ಲ ಹಾಳೆಯಲ್ಲೂ ಅಲ್ಲ. ಸರಾಸರಿ ಒಂದು ಹಾಳೆಗೆ ಒಂದೂವರೆ ತಟ್ಟೆ ಅಂತ ಹಿಡಿದೆವು. ಮೊದಲ ವರ್ಷ 2,70,000 ತಟ್ಟೆ ಮಾಡಲು 1,80,000 ಹಾಳೆ ಬೇಕು.

ಈಗ ತೋಟಕ್ಕೆ ಬನ್ನಿ. ಒಂಬತ್ತಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 540 ಮರ. ಒಂದು ಮರ ವರ್ಷಕ್ಕೆ ಏಳೆಂಟು ಹಾಳೆ ಬಿಡುತ್ತದೆ. ಏಳು ಅಂತ ಇಟ್ಟರೆ ಎಕರೆಗೆ 3,780. ಇದರಲ್ಲಿ ಮಳೆಗಾಲದಲ್ಲಿ ಬಿದ್ದದ್ದು ಕೊಳೆಯುತ್ತದೆ, ಕೆಲವು ಸೀಳಿರುತ್ತವೆ, ಕೆಲವು ಸಣ್ಣ. ಅರ್ಧ ಕೈಗೆ ಸಿಕ್ಕರೂ ದೊಡ್ಡದು. ಅಂದರೆ ಎಕರೆಗೆ ಸುಮಾರು 1,900 ಹಾಳೆ. ಹಾಗಾದರೆ ಒಂದು ಸಣ್ಣ ಮಷಿನ್‌ಗೆ ಬೇಕಾದ್ದು ಹೆಚ್ಚುಕಮ್ಮಿ 95 ಎಕರೆ ತೋಟದ ಹಾಳೆ!

ಅಕ್ಕನ ಮನೆಯ ತೋಟ ಇರುವುದು ಎರಡು ಎಕರೆ. "ಹಾಳೆ ನಮ್ಮ ತೋಟದಲ್ಲೇ ಸಿಗುತ್ತೆ" ಅಂತ ಹಳೆ ರಿಪೋರ್ಟ್‌ನಲ್ಲಿ ಬರೆದಿದ್ದರು. ಮ್ಯಾನೇಜರ್ ನಕ್ಕಿರಬೇಕು. ಅಕ್ಕ ಎರಡು ವಾರ ಸುತ್ತಾಡಿ ಹದಿನೇಳು ಮನೆಯವರ ಹತ್ತಿರ ಒಂದೊಂದು ಚೀಟಿ ಬರೆಸಿಕೊಂಡು ಬಂದರು. ಯಾರ ತೋಟ, ಎಷ್ಟು ಎಕರೆ, ಹಾಳೆಗೆ ಎಷ್ಟು ರೇಟು, ಮನೆ ಬಾಗಿಲಿಗೆ ತಲುಪಿಸುತ್ತಾರಾ ಇಲ್ಲ ನಾವೇ ಆರಿಸಿ ತರಬೇಕಾ, ಇಷ್ಟೇ. ಒಟ್ಟು 110 ಎಕರೆ ಆಯ್ತು. ತಲುಪಿಸಿದ ಹಾಳೆಗೆ ಸರಾಸರಿ 1.50 ರೂಪಾಯಿ. ಈ ಚೀಟಿಗಳಿಗೆ ಕಾನೂನಿನ ಬಲ ಏನೂ ಇಲ್ಲ. ಆದರೆ ಮ್ಯಾನೇಜರ್ ಫೋನ್ ಮಾಡಿ ವಿಚಾರಿಸಬಹುದಾದ ಜನ ಇದ್ದಾರೆ ಅಂತ ಗೊತ್ತಾಗುತ್ತದೆ.

ಶೃಂಗೇರಿ, ಕೊಪ್ಪ, ಕಳಸದ ಕಡೆ ಹಳದಿ ಎಲೆ ರೋಗ ಮತ್ತು ಎಲೆಚುಕ್ಕಿ ರೋಗದ ತೋಟಗಳಿವೆ. ಅಂಥ ತೋಟಗಳನ್ನು ಪಟ್ಟಿಗೆ ಸೇರಿಸುವಾಗ ಪೂರ್ತಿ ಎಕರೆ ಎಣಿಸಬೇಡಿ. ನಾವು ಅರ್ಧ ಎಣಿಸಿದೆವು.

ಮಷಿನ್ ನಿಜವಾಗಿ ಎಷ್ಟು ಮಾಡುತ್ತದೆ

ಮಷಿನ್ ಮಾರುವವರ ಕೊಟೇಶನ್‌ನಲ್ಲಿ "ದಿನಕ್ಕೆ 2,500 ತಟ್ಟೆ" ಅಂತ ಇತ್ತು. ಐದು ಅಚ್ಚಿನ ಹೈಡ್ರಾಲಿಕ್ ಮಷಿನ್. ಅದನ್ನು ನಂಬಿ ರಿಪೋರ್ಟ್ ಬರೆಯಬೇಡಿ. ತರೀಕೆರೆ ಕಡೆ ಓಡುತ್ತಿದ್ದ ಒಂದು ಘಟಕಕ್ಕೆ ಹೋಗಿ, ಮೊಬೈಲ್‌ನಲ್ಲಿ ಸಮಯ ಇಟ್ಟುಕೊಂಡು ಒಂದು ಗಂಟೆ ಸುಮ್ನೆ ಕೂತು ಎಣಿಸಿದೆವು. ನೆನೆಸಿದ ಹಾಳೆ ಎತ್ತಬೇಕು, ಬ್ರಷ್ ಹಾಕಿ ತೊಳೆಯಬೇಕು, ನೀರು ಬಸಿಯಬೇಕು, ಕಾದ ಅಚ್ಚಿನ ಮೇಲೆ ಸರಿಯಾಗಿ ಕೂರಿಸಬೇಕು. ಸ್ವಲ್ಪ ಒಣಗಿದ ಹಾಳೆ ಆದರೆ ಒತ್ತುವಾಗಲೇ ಚಟ್ ಅಂತ ಬಿರುಕು ಬಿಡುತ್ತದೆ. ಜಾಸ್ತಿ ನೆನೆದಿದ್ದರೆ ತಟ್ಟೆ ಒಣಗಲ್ಲ, ಎರಡು ದಿನಕ್ಕೆ ಬೂಸ್ಟು. ಇಬ್ಬರು ಕೆಲಸ ಮಾಡಿ ಗಂಟೆಗೆ 190 ತಟ್ಟೆ ಬಂತು. ಎಂಟು ಗಂಟೆಗೆ ಹೆಚ್ಚುಕಮ್ಮಿ 1,500.

ನಂತರ ದಿನಗಳು. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನಲ್ಲಿ ಕರೆಂಟ್ ಯಾವಾಗ ಇರುತ್ತದೆ, ಯಾವಾಗ ಹೋಗುತ್ತದೆ ಅಂತ ಗೊತ್ತೇ ಇದೆಯಲ್ವಾ. ಲೈನ್ ಮೇಲೆ ಮರ ಬಿದ್ದರೆ ಮೂರು ದಿನ ಕತ್ತಲೆ. ಆ ಮೂರು ತಿಂಗಳಿಗೆ ತಿಂಗಳಿಗೆ 13 ದಿನ, ಉಳಿದ ಒಂಬತ್ತು ತಿಂಗಳಿಗೆ 25 ದಿನ ಅಂತ ಹಿಡಿದು, ವರ್ಷಕ್ಕೆ ಹೆಚ್ಚುಕಮ್ಮಿ 260 ದಿನ ಅಂತ ಬರೆದೆವು.

ಪೂರ್ಣ ಸಾಮರ್ಥ್ಯ ಅಂದರೆ 1,500 ತಟ್ಟೆ, 300 ದಿನ, ಒಟ್ಟು 4,50,000. ಮೊದಲ ವರ್ಷ ಇದರ ಶೇ. 60, ಎರಡನೇ ವರ್ಷ ಶೇ. 70, ಮೂರನೇ ವರ್ಷದಿಂದ ಶೇ. 80. ಅದಕ್ಕಿಂತ ಮೇಲೆ ಹೋಗಲಿಲ್ಲ. 260 ದಿನದಲ್ಲಿ ಒಂದು ಒಡಕೂ ಇಲ್ಲದೆ ಮಾಡಿದರೂ ಶೇ. 87 ದಾಟಲ್ಲ. ಐದನೇ ವರ್ಷಕ್ಕೆ ಶೇ. 100 ತೋರಿಸಿದ ರಿಪೋರ್ಟ್ ನೋಡಿದ ಕೂಡಲೇ ಬ್ಯಾಂಕಿನವರಿಗೆ ಇದು ಎಲ್ಲಿಂದಲೋ ನಕಲು ಮಾಡಿದ್ದು ಅಂತ ಗೊತ್ತಾಗುತ್ತದೆ.

ಯೋಜನಾ ವೆಚ್ಚ

ಇದು ಸುಲಭದ ಭಾಗ. ಮಷಿನ್ ಮತ್ತು ಅಚ್ಚುಗಳಿಗೆ 3,60,000. ನೆನೆಸುವ ತೊಟ್ಟಿ, ರ‍್ಯಾಕ್, ಪ್ಯಾಕಿಂಗ್ ಸೀಲ್ ಮಷಿನ್ 90,000. ತ್ರೀ ಫೇಸ್ ಮೀಟರ್ ಮತ್ತು ವೈರಿಂಗ್ 75,000. ಇದ್ದ ಶೆಡ್ ರಿಪೇರಿ, ಹಾಳೆ ಇಡಲು ಅಟ್ಟ 1,50,000. ಸಣ್ಣಪುಟ್ಟದ್ದು 25,000. ಒಟ್ಟು ಏಳು ಲಕ್ಷ.

ಒಂದು ಎಚ್ಚರ. ಕೊಟೇಶನ್‌ನಲ್ಲಿ ಜಿಎಸ್‌ಟಿ, ಸಾಗಣೆ, ಅಳವಡಿಕೆ ಎಲ್ಲ ಸೇರಿದ ಮೊತ್ತ ಇರಲಿ. ಎಲೆಯ ತಟ್ಟೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಮಷಿನ್ ಮೇಲೆ ಕಟ್ಟಿದ ತೆರಿಗೆ ನಿಮಗೆ ವಾಪಸ್ ಸಿಗಲ್ಲ, ಅದೂ ವೆಚ್ಚವೇ. ಬ್ಯಾಂಕು ಮಷಿನ್ ದುಡ್ಡನ್ನು ನೇರವಾಗಿ ಮಾರಾಟಗಾರರ ಖಾತೆಗೆ ಹಾಕುತ್ತದೆ. ಕೊಟೇಶನ್‌ನಲ್ಲಿ ಇಲ್ಲದ್ದನ್ನು ನೀವು ಕೈಯಿಂದ ಹಾಕಬೇಕಾಗುತ್ತದೆ. ಶೆಡ್ ಮಾವನ ಹೆಸರಿನಲ್ಲಿದ್ದರೆ ಒಪ್ಪಿಗೆ ಪತ್ರ, ಪಂಚಾಯ್ತಿ ಲೈಸೆನ್ಸ್, ಉದ್ಯಮ್ ನೋಂದಣಿ, ಮೆಸ್ಕಾಂನಿಂದ ಲೋಡ್‌ಗೆ ಒಪ್ಪಿಗೆ, ಇವನ್ನು ಜೊತೆಗೆ ಇಡಿ.

ದುಡಿಯುವ ಬಂಡವಾಳ: ಕ್ಯಾಲೆಂಡರ್ ಇಟ್ಟುಕೊಂಡು ಲೆಕ್ಕ ಹಾಕಿ

ಹಾಳೆ ಕೊಂಡಿಡಲು, ಮಾರಿದ ಮಾಲಿನ ದುಡ್ಡು ಬರುವವರೆಗೆ ಘಟಕ ಓಡಿಸಲು ಬೇಕಾಗುವ ದುಡ್ಡು ಇದು. ರಿಪೋರ್ಟ್‌ನ ಜೀವ ಇರುವುದು ಇಲ್ಲಿ. ಸಣ್ಣ ಘಟಕಗಳಿಗೆ ಬ್ಯಾಂಕುಗಳು ಸಾಮಾನ್ಯವಾಗಿ ವಹಿವಾಟಿನ ಲೆಕ್ಕ ಹಾಕುತ್ತವೆ. ವರ್ಷದ ಅಂದಾಜು ಮಾರಾಟದ ಶೇ. 25 ಬೇಕಾಗುತ್ತದೆ ಅಂತ ಹಿಡಿದು, ಶೇ. 20 ಬ್ಯಾಂಕು ಕೊಡುತ್ತದೆ, ಶೇ. 5 ನಮ್ಮದು. ಅಕ್ಕನ ಮೊದಲ ವರ್ಷದ ಮಾರಾಟ, ತಟ್ಟೆಗೆ 2.80ರಂತೆ, 7,56,000. ಇದರ ಶೇ. 20 ಅಂದರೆ 1,51,200.

ಆದರೆ ಹಾಳೆ ವರ್ಷಪೂರ್ತಿ ಸಿಗುವ ವಸ್ತು ಅಲ್ಲ. ಒಳ್ಳೆಯ ಒಣ ಹಾಳೆ ಸಿಗುವುದು ಡಿಸೆಂಬರ್‌ನಿಂದ ಮೇ ಒಳಗೆ. ಜೂನ್‌ನಿಂದ ನವೆಂಬರ್‌ವರೆಗೆ ಓಡಿಸಬೇಕಾದ ಹಾಳೆಯನ್ನು ಮೇ ಕೊನೆಗೇ ಅಟ್ಟಕ್ಕೆ ಏರಿಸಿರಬೇಕು. ಅದು ಸುಮಾರು 75,000 ಹಾಳೆ, ದುಡ್ಡಿನಲ್ಲಿ 1,12,500. ಅದೇ ಹೊತ್ತಿಗೆ ಮದುವೆ ಸೀಸನ್‌ನಲ್ಲಿ ಕೊಟ್ಟ ಮಾಲಿನ ದುಡ್ಡು ಅಂಗಡಿಯವರ ಹತ್ತಿರ ಇರುತ್ತದೆ. ಒಂದೂವರೆ ತಿಂಗಳ ಸಾಲ ಅಂದರೆ 94,500. ಮಾಡಿಟ್ಟ ತಟ್ಟೆ ಮತ್ತು ಕೈಖರ್ಚಿಗೆ 33,000. ಒಟ್ಟು 2,40,000.

ವಹಿವಾಟಿನ ಸೂತ್ರ ಹಿಡಿದು ಸಾಲ ತಗೊಂಡಿದ್ದರೆ ಮೇ ತಿಂಗಳಲ್ಲಿ ದುಡ್ಡು ಸಾಲದೆ ಹಾಳೆ ಕಮ್ಮಿ ತುಂಬಿಸುತ್ತಿದ್ದರು. ಆಗಸ್ಟ್‌ಗೆ ಮಷಿನ್ ನಿಲ್ಲುತ್ತಿತ್ತು. ಕಂತು ಮಾತ್ರ ನಿಲ್ಲಲ್ಲ. ಶೇ. 20 ಅನ್ನುವುದು ಕನಿಷ್ಠ. ಕಚ್ಚಾ ಮಾಲು ಸೀಸನ್‌ನಲ್ಲೇ ಕೂಡಿಡಬೇಕಾದ ಉದ್ಯಮಕ್ಕೆ ಜಾಸ್ತಿ ಕೊಡಲು ಬ್ಯಾಂಕಿಗೆ ಅವಕಾಶ ಇದೆ, ಆದರೆ ಕಾರಣ ನಾವೇ ಬರೆದು ಕೊಡಬೇಕು. ತಿಂಗಳವಾರು ಹಾಳೆ ಬರುವುದು, ಹೋಗುವುದು, ಅಟ್ಟದಲ್ಲಿ ಉಳಿಯುವುದು ಅಂತ ಹನ್ನೆರಡು ಸಾಲಿನ ಒಂದು ಪಟ್ಟಿ ಸಾಕು. ನಮ್ಮ ರಿಪೋರ್ಟ್‌ನಲ್ಲಿ ಮ್ಯಾನೇಜರ್ ಪೆನ್ನಿಟ್ಟು ಓದಿದ್ದು ಆ ಪಟ್ಟಿಯನ್ನೇ.

ಹೀಗೆ ಒಟ್ಟು ಯೋಜನೆ 9,40,000 ಆಯ್ತು. ಸ್ಥಿರ ಆಸ್ತಿಗೆ ಶೇ. 25ರಂತೆ 1,75,000, ದುಡಿಯುವ ಬಂಡವಾಳಕ್ಕೆ ಶೇ. 20ರಂತೆ 48,000 ಅಕ್ಕನ ಕೈಯಿಂದ. ಕಂತಿನಲ್ಲಿ ತೀರಿಸುವ ಅವಧಿ ಸಾಲ 5,25,000. ದುಡಿಯುವ ಬಂಡವಾಳಕ್ಕೆ ಸಿಸಿ, ಅಂದರೆ ಬೇಕಾದಾಗ ತೆಗೆದು ದುಡ್ಡು ಬಂದಾಗ ಕಟ್ಟುವ ಕ್ಯಾಶ್ ಕ್ರೆಡಿಟ್ ಖಾತೆ, ಅದರ ಮಿತಿ 1,92,000. ಒಟ್ಟು 7,17,000, ಮುದ್ರಾ ಯೋಜನೆಯ ತರುಣ್ ವರ್ಗದ ಹತ್ತು ಲಕ್ಷದ ಒಳಗೆ.

ಸಬ್ಸಿಡಿ ಇದೆಯಲ್ಲಾ ಅಂತ ಕೇಳುತ್ತಾರೆ. ಹೊಸ ಘಟಕ ಹಾಕುವವರಿಗೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯ ನಿಯಮದಲ್ಲಿ ಹಳ್ಳಿಯ ಮಹಿಳೆಗೆ ಯೋಜನಾ ವೆಚ್ಚದ ಶೇ. 35. ಆದರೆ ಆ ದುಡ್ಡು ನಿಮ್ಮ ಕೈಗೆ ಬರಲ್ಲ. ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಇರುತ್ತದೆ, ಘಟಕ ಓಡುತ್ತಿದೆ ಅಂತ ಪರಿಶೀಲಿಸಿದ ಮೇಲೆ ಸಾಲಕ್ಕೆ ಹೊಂದಿಸುತ್ತಾರೆ. ಆ ದಾರಿಯಲ್ಲಿ ಹೋಗುವುದಾದರೆ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಮೊದಲ ಮೂರು ವರ್ಷದ ನಗದು ಲೆಕ್ಕದಲ್ಲಂತೂ ಸಬ್ಸಿಡಿಯನ್ನು ಆದಾಯ ಅಂತ ಸೇರಿಸಬೇಡಿ.

ಮಾರಾಟ, ಖರ್ಚು, ಮತ್ತು ಎಲ್ಲರೂ ಬಿಟ್ಟುಬಿಡುವ ಒಂದು ಸಾಲು

ತಟ್ಟೆ, ಬಟ್ಟಲು ಎಲ್ಲ ಸೇರಿ ಸರಾಸರಿ ಬೆಲೆ 2.80 ಅಂತ ಹಿಡಿದೆವು. ಇದು ಸಗಟು ಅಂಗಡಿಯವರು ಕೊಡುವ ಬೆಲೆ. ಆನ್‌ಲೈನ್‌ನಲ್ಲಿ ಕಾಣುವ ಬೆಲೆ ಹಾಕಿದರೆ ಕನಸು ಕಂಡ ಹಾಗೆ. ರಫ್ತನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆ ಬಳಸಬಾರದು ಅಂತ ಅಲ್ಲಿ ಎಚ್ಚರಿಕೆ ಕೊಟ್ಟಿದೆ. "ರಫ್ತಿಗೆ ಅಪಾರ ಅವಕಾಶ" ಅಂತ ಈಗಲೂ ಬರೆಯುವವರು ಪೇಪರ್ ಓದಿಲ್ಲ ಅಂತಾಗುತ್ತದೆ. ಅದರ ಬದಲು ಕೊಪ್ಪ, ಚಿಕ್ಕಮಗಳೂರಿನ ಇಬ್ಬರು ಸಗಟು ಅಂಗಡಿಯವರು ಮತ್ತು ಒಬ್ಬ ಅಡುಗೆ ಕಾಂಟ್ರ್ಯಾಕ್ಟರ್ ಕೊಟ್ಟ ಪತ್ರ ಇಟ್ಟೆವು.

ಮೊದಲ ವರ್ಷದ ಖರ್ಚು ಹೀಗೆ: ಹಾಳೆ 2,70,000, ಅಕ್ಕನ ಜೊತೆಗಿನ ಒಬ್ಬ ಕೆಲಸಗಾರರ ಕೂಲಿ ದಿನಕ್ಕೆ 500ರಂತೆ 1,30,000, ಕರೆಂಟ್ 60,000, ಪ್ಯಾಕಿಂಗ್ 27,000, ಸಾಗಣೆ 25,000, ರಿಪೇರಿ ವಿಮೆ ಇತ್ಯಾದಿ 30,000. ಒಟ್ಟು 5,42,000. ಉತ್ಪಾದನೆ ಶೇ. 60 ಅಂತ ಕೂಲಿಯನ್ನೂ ಶೇ. 60 ಮಾಡಬೇಡಿ. ಕಲಿಯುವ ಕಾಲದಲ್ಲಿ ತಟ್ಟೆ ಕಮ್ಮಿ ಬಂದರೂ ಕೆಲಸದವರು ದಿನಾ ಬರುತ್ತಾರೆ. ಮುಂದಿನ ವರ್ಷಗಳಿಗೆ ಮಾರಾಟ ಬೆಲೆಯನ್ನೂ ಖರ್ಚಿನ ದರವನ್ನೂ ಇಂದಿನದ್ದೇ ಇಟ್ಟೆವು. ಬೆಲೆ ಮಾತ್ರ ಏರಿಸಿ ಖರ್ಚು ಹಾಗೇ ಬಿಟ್ಟರೆ ಮೋಸದ ಲೆಕ್ಕ ಆಗುತ್ತದೆ.

ಇನ್ನು ಬಿಟ್ಟುಹೋಗುವ ಸಾಲು ಯಾವುದು ಅಂದರೆ ಮನೆ ಖರ್ಚು. ಇದು ಮಾಲೀಕರ ಸ್ವಂತ ಘಟಕ, ಆದ್ದರಿಂದ ಅವರು ಮನೆಗೆ ತಗೊಳ್ಳುವ ದುಡ್ಡು ಲಾಭ ನಷ್ಟದ ಪಟ್ಟಿಯಲ್ಲಿ ಬರಲ್ಲ. ಆದರೆ ಗಲ್ಲಾದಿಂದ ಹೋಗುತ್ತದೆ. ಮರುಪಾವತಿ ಸಾಮರ್ಥ್ಯದ ಅನುಪಾತ, ಬ್ಯಾಂಕಿನವರು ಡಿಎಸ್‌ಸಿಆರ್ ಅನ್ನುತ್ತಾರಲ್ಲ, ಅದು ಇಷ್ಟೇ: ವರ್ಷದಲ್ಲಿ ಕಂತು ಬಡ್ಡಿಗೆ ಸಿಗುವ ದುಡ್ಡನ್ನು, ಕಟ್ಟಬೇಕಾದ ಕಂತು ಬಡ್ಡಿಯಿಂದ ಭಾಗಿಸುವುದು. ಒಂದು ಬಂದರೆ ಸರಿಸಮ, ಒಂದಕ್ಕಿಂತ ಕೆಳಗೆ ಬಂದರೆ ಕೈಯಿಂದ ಹಾಕಬೇಕು. ಸಾಮಾನ್ಯವಾಗಿ ಸರಾಸರಿ 1.5ರ ಆಸುಪಾಸು ಇರಲಿ ಅಂತ ನೋಡುತ್ತಾರೆ. ಸವಕಳಿ, ಅಂದರೆ ಮಷಿನ್ ಹಳೆಯದಾದಂತೆ ಬೆಲೆ ಇಳಿಯುವ ಲೆಕ್ಕ, ಕೈಯಿಂದ ಹೋಗುವ ದುಡ್ಡಲ್ಲ. ಲಾಭದ ಪಟ್ಟಿಯಲ್ಲಿ ಕಳೆದಿದ್ದರೆ ಇಲ್ಲಿ ಮತ್ತೆ ಕೂಡಿಸಿಕೊಳ್ಳುತ್ತಾರೆ, ನಾನು ಕೆಳಗೆ ನೇರವಾಗಿ ನಗದನ್ನೇ ತೋರಿಸಿದ್ದೇನೆ.

ಮೊದಲು 60 ಸಮ ಕಂತು, ಕಂತಿಗೆ ಅಸಲು 8,750, ಬಡ್ಡಿ ಬೇರೆಯಾಗಿ ಶೇ. 11, ಶುರುವಿನಲ್ಲಿ ಅಸಲು ಕಟ್ಟದ ಆರು ತಿಂಗಳ ವಿರಾಮ ಅಂತ ಲೆಕ್ಕ ಹಾಕಿದೆವು. ಮನೆ ಖರ್ಚು ಸೇರಿಸದೆ ಮೊದಲ ವರ್ಷ 1.77 ಬಂತು. ಎಲ್ಲರಿಗೂ ಖುಷಿ. ಆಮೇಲೆ ಅಕ್ಕನಿಗೆ ಕೇಳಿದೆ, "ಮನೆಗೆ ತಿಂಗಳಿಗೆ ಎಷ್ಟು ತಗೋತೀರಿ?" "ಹತ್ತು ಸಾವಿರ ಆದ್ರೂ ಬೇಡ್ವಾ?" ಅಂದರು. ಅದನ್ನು ಕಳೆದ ಕೂಡಲೇ 1.77 ಇದ್ದದ್ದು 0.67ಕ್ಕೆ ಇಳಿಯಿತು. ಎರಡನೇ ವರ್ಷವೂ 0.91. ಅಂದರೆ ಎರಡು ವರ್ಷ ತೋಟದ ದುಡ್ಡಿನಿಂದ ಮಷಿನ್ ಕಂತು ಕಟ್ಟಬೇಕು.

ಮಾಡಲು ಎರಡು ದಾರಿ ಇತ್ತು, ಎರಡನ್ನೂ ಮಾಡಿದೆವು. ಮನೆ ಹೇಗೂ ತೋಟದ ಆದಾಯದಿಂದ ನಡೆಯುತ್ತಿದೆ, ಆದ್ದರಿಂದ ಮೊದಲ ವರ್ಷ ತಿಂಗಳಿಗೆ 4,000, ಆಮೇಲೆ 5,000, ಮೂರನೇ ವರ್ಷ 8,000 ಮಾತ್ರ ತಗೊಳ್ಳುವುದು ಅಂತ ಬರೆದು, ತೋಟದ ಆದಾಯಕ್ಕೆ ಅಡಿಕೆ ಮಾರಿದ ಬಿಲ್ ಲಗತ್ತಿಸಿದೆವು. ಜೊತೆಗೆ ಕಂತುಗಳನ್ನು 60ರಿಂದ 75ಕ್ಕೆ ಏರಿಸಿ, ಕಂತಿಗೆ 7,000 ಮಾಡಿದೆವು. ವಿರಾಮ ಸೇರಿ ಆರು ಮುಕ್ಕಾಲು ವರ್ಷ.

| | 1ನೇ ವರ್ಷ | 2ನೇ ವರ್ಷ | 3ನೇ ವರ್ಷ |
|---|---|---|---|
| ತಟ್ಟೆ | 2,70,000 | 3,15,000 | 3,60,000 |
| ಮಾರಾಟ | 7,56,000 | 8,82,000 | 10,08,000 |
| ಖರ್ಚು | 5,42,000 | 6,03,500 | 6,65,000 |
| ಸಿಸಿ ಬಡ್ಡಿ | 21,100 | 21,100 | 21,100 |
| ಮನೆಗೆ | 48,000 | 60,000 | 96,000 |
| ಕಂತಿಗೆ ಸಿಗುವುದು | 1,44,900 | 1,97,400 | 2,25,900 |
| ಕಂತು ಮತ್ತು ಬಡ್ಡಿ | 98,800 | 1,32,900 | 1,23,700 |
| ಅನುಪಾತ | 1.47 | 1.49 | 1.83 |

ಸಿಸಿ ಬಡ್ಡಿಯನ್ನು ಪೂರ್ತಿ ಮಿತಿಯ ಮೇಲೆ ಹಾಕಿದ್ದೇವೆ. ನಿಜವಾಗಿ ಡಿಸೆಂಬರ್‌ನಲ್ಲಿ ಅಷ್ಟು ಬಳಕೆ ಇರಲ್ಲ. ಆದರೂ ಈ ಜಾಗದಲ್ಲಿ ಸ್ವಲ್ಪ ಜಾಸ್ತಿ ತೋರಿಸಿದರೆ ನಷ್ಟ ಇಲ್ಲ.

ಹಾಳೆ ರೇಟು ಏರಿದರೆ?

ಪ್ರಶ್ನೆ ಅವರು ಕೇಳುವ ಮೊದಲೇ ನಾವೇ ಕೇಳಿಕೊಂಡೆವು. ಹಾಳೆ 1.50 ಇದ್ದದ್ದು 1.75 ಆದರೆ ಎರಡನೇ ವರ್ಷ 52,500 ಹೆಚ್ಚು ಖರ್ಚು. ಅನುಪಾತ 1.09ಕ್ಕೆ ಬರುತ್ತದೆ, ಇನ್ನೂ ಉಸಿರು ಇದೆ. 60 ಕಂತೇ ಇದ್ದಿದ್ದರೆ 0.96 ಆಗಿ ಮುಗ್ಗರಿಸುತ್ತಿತ್ತು. ಹಾಳೆ 2 ರೂಪಾಯಿ ಆದರೆ 75 ಕಂತಿನಲ್ಲೂ 0.70. ಆಗ ತಟ್ಟೆಗೆ ಕನಿಷ್ಠ 13 ಪೈಸೆ ಬೆಲೆ ಏರಿಸದೆ ಕಂತು ಕಟ್ಟಲು ಆಗಲ್ಲ. ಇದನ್ನು ಮುಚ್ಚಿಡದೆ ಹಾಗೇ ಬರೆದೆವು. ಹದಿನೇಳು ಮನೆಯ ಚೀಟಿಗೆ ಈಗ ಇನ್ನೊಂದು ಅರ್ಥ ಬಂತು. ಅರ್ಧದಷ್ಟು ಮನೆಯವರ ಹತ್ತಿರ ಒಂದು ಸೀಸನ್‌ಗೆ ರೇಟು ಕಟ್ಟಿಕೊಂಡು ಮುಂಗಡ ಕೊಡುವುದು ಅಂತ ತೀರ್ಮಾನ ಆಯ್ತು.

ಮೊದಲ ಕಂತು ಯಾವ ತಿಂಗಳಿಗೆ ಬೀಳುತ್ತದೆ

ಆರು ತಿಂಗಳ ವಿರಾಮ ಅಂತ ಬರೆದರೆ ಸಾಲದು, ಬೆರಳಲ್ಲಿ ಎಣಿಸಿ. ಜನವರಿಯಲ್ಲಿ ಸಾಲ ಬಿಡುಗಡೆ ಆದರೆ ಮೊದಲ ಕಂತು ಜುಲೈಗೆ. ಆಷಾಢ, ಮದುವೆ ಇಲ್ಲ, ಕರೆಂಟ್ ಇಲ್ಲ, ತಟ್ಟೆ ಒಣಗಲ್ಲ. ಅದಕ್ಕಿಂತ ಕೆಟ್ಟ ತಿಂಗಳು ಹುಡುಕಿದರೂ ಸಿಗಲ್ಲ. ನಾವು ನವೆಂಬರ್‌ನಲ್ಲಿ ಬಿಡುಗಡೆ ಆಗುವ ಹಾಗೆ ಸೆಪ್ಟೆಂಬರ್‌ನಲ್ಲೇ ಅರ್ಜಿ ಹಾಕಿದೆವು. ಮೊದಲ ಕಂತು ಮೇ ತಿಂಗಳಿಗೆ, ಮದುವೆ ಸೀಸನ್‌ನ ದುಡ್ಡು ಬರುವ ಹೊತ್ತು. ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ಕಂತು ಮತ್ತು ಬಡ್ಡಿ ಸೇರಿ ಸುಮಾರು 35,000. ಅದನ್ನು ಏಪ್ರಿಲ್, ಮೇ ಮಾರಾಟದಲ್ಲೇ ತೆಗೆದಿಡುವುದು ಅಂತ ನಗದು ಪಟ್ಟಿಯಲ್ಲಿ ತೋರಿಸಿದೆವು.

ವಿರಾಮದ ತಿಂಗಳಲ್ಲಿ ಅಸಲು ಮಾತ್ರ ಇರಲ್ಲ, ಬಡ್ಡಿ ಓಡುತ್ತಿರುತ್ತದೆ. ಅದನ್ನು ತಿಂಗಳು ತಿಂಗಳು ಕಟ್ಟಬೇಕಾ, ಇಲ್ಲ ಅಸಲಿಗೆ ಸೇರಿಸುತ್ತಾರಾ ಅಂತ ಕೇಳಿ ಬರೆಸಿಕೊಳ್ಳಿ. ಮೇಲಿನ ಪಟ್ಟಿಯಲ್ಲಿ ಕಟ್ಟಿದ ಹಾಗೇ ಲೆಕ್ಕ ಹಾಕಿದ್ದೇವೆ, ತಿಂಗಳಿಗೆ ಸುಮಾರು 4,800.

ಸಾಲ ಮಂಜೂರಾತಿ ಪತ್ರ ಬಂದಾಗ ಅಕ್ಕ ಸಹಿ ಹಾಕುವ ಮೊದಲು ಫೋನ್ ಮಾಡಿದರು. ಓದಿ ಹೇಳಿ ಅಂದೆ. ಮೊತ್ತ ಸರಿ, ಬಡ್ಡಿ ಸರಿ, ಕಂತು "60" ಅಂತ ಇತ್ತು. ಅಲ್ಲಿ ಯಾರೋ ರೂಢಿಯಂತೆ ಹಾಕಿದ್ದರು. ರಿಪೋರ್ಟ್‌ನ ಪಟ್ಟಿ ಹಿಡಿದುಕೊಂಡು ಹೋಗಿ ತೋರಿಸಿದರು. ಎರಡು ದಿನಕ್ಕೆ 75 ಅಂತ ತಿದ್ದಿದ ಪತ್ರ ಬಂತು. ಆಮೇಲೆ ಸಹಿ ಹಾಕಿದರು.